ಹೋಮ: ಅಗ್ನಿಗೆ ಅರ್ಪಿಸುವ ಅನ್ನ ಮತ್ತು ಆಜ್ಯ

ಶಾಸ್ತ್ರೋಕ್ತವಾಗಿ ಪ್ರತಿಷ್ಠಿಸಿದ ಅಗ್ನಿಯಲ್ಲಿ ಒಂದು ದೇವತೆಯ ಹೆಸರು ಹೇಳಿ ಒಂದು ದ್ರವ್ಯವನ್ನು ಹಾಕುವುದು ಹೋಮ. ಹಾಕುವ ಕೆಲಸ ಕಣ್ಣಿಗೆ ಕಾಣುತ್ತದೆ. ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಅದರ ತಿರುಳು ಬಿಟ್ಟುಕೊಡುವುದರಲ್ಲಿದೆ. ದ್ರವ್ಯ, ದೇವತೆ, ತ್ಯಾಗ ಈ ಮೂರೂ ಕೂಡಿದರೆ ಯಾಗವೆಂದು ಕಾತ್ಯಾಯನ ಶ್ರೌತಸೂತ್ರ ಹೇಳುತ್ತದೆ. ಅದಕ್ಕೆ ಬೆಂಕಿಗೆ ಹಾಕುವ ಕ್ರಿಯೆಯೂ ಸೇರಿದರೆ ಹೋಮವಾಗುತ್ತದೆ ಎಂಬುದು ಮೀಮಾಂಸಕರ ಲೆಕ್ಕ. ಪುರೋಹಿತರು ‘ಸ್ವಾಹಾ’ ಎಂದು ಆಹುತಿ ಹಾಕಿದ ಕೂಡಲೇ ಯಜಮಾನ ‘ಅಗ್ನಯೇ ಇದಂ ನ ಮಮ’ ಎನ್ನುವುದು ಈ ತ್ಯಾಗಕ್ಕಾಗಿ: ಇದು ಅಗ್ನಿಯದು, ನನ್ನದಲ್ಲ. ಪುರೋಹಿತರ ಕೈ ಎಷ್ಟೇ ಚುರುಕಾಗಿದ್ದರೂ ಈ ಮಾತನ್ನು ಹೇಳಬೇಕಾದವನು ದ್ರವ್ಯದ ಒಡೆಯ. ಈಗಿನ ಹೋಮಗಳಲ್ಲಿ ಯಜಮಾನ ಫೋನಿನಲ್ಲಿ ಮಾತಾಡುತ್ತ ಕೂತಿದ್ದು, ತ್ಯಾಗವಾಕ್ಯವನ್ನೂ ಪುರೋಹಿತರೇ ಹೇಳಿ ಮುಗಿಸುವುದುಂಟು. ಶಾಸ್ತ್ರವನ್ನು ಬಿಗಿಯಾಗಿ ಹಿಡಿದರೆ ಅಂಥ ಕಡೆ ಬೆಂಕಿಗೆ ಬಿದ್ದದ್ದು ತುಪ್ಪ ಮಾತ್ರ.

ಯಾಗಕ್ಕೂ ಹೋಮಕ್ಕೂ ಸೂತ್ರಕಾರರು ನೋಡಿದೊಡನೆ ಗೊತ್ತಾಗುವ ಒಂದು ಗುರುತನ್ನೂ ಕೊಟ್ಟಿದ್ದಾರೆ. ನಿಂತುಕೊಂಡು, ಋಗ್ವೇದದ ಮಂತ್ರಗಳ ಕೊನೆಯಲ್ಲಿ ‘ವೌಷಟ್’ ಎಂದಾಗ ಅರ್ಪಿಸುವುದು ಯಾಗ. ಕೂತುಕೊಂಡು ‘ಸ್ವಾಹಾ’ ಎಂದು ಅರ್ಪಿಸುವುದು ಹೋಮ. ಮೊದಲನೆಯದು ಮೂರು ಅಗ್ನಿಗಳನ್ನು ಇಟ್ಟುಕೊಂಡ ಆಹಿತಾಗ್ನಿಗಳ ಶ್ರೌತಕರ್ಮಗಳಲ್ಲಿ ಹೆಚ್ಚು. ದುಂಡಗಿನ ಗಾರ್ಹಪತ್ಯ, ಚೌಕದ ಆಹವನೀಯ, ಅರ್ಧಚಂದ್ರಾಕಾರದ ದಕ್ಷಿಣಾಗ್ನಿ ಇವೇ ಆ ಮೂರು. ಎರಡನೆಯದು ಮದುವೆಯ ದಿನ ಹೊತ್ತಿಸಿದ ಒಂದೇ ಅಗ್ನಿಯಲ್ಲಿ, ಅಂದರೆ ಔಪಾಸನಾಗ್ನಿಯಲ್ಲಿ ನಡೆಯುವ ಗೃಹ್ಯಕರ್ಮಗಳ ಜೀವಾಳ. ನಮ್ಮ ಕಾಲದ ಗಣಹೋಮ, ನವಗ್ರಹಹೋಮ, ಗೃಹಪ್ರವೇಶದ ವಾಸ್ತುಹೋಮಗಳಲ್ಲಿ ದೇವತೆಗಳೂ ಮಂತ್ರಗಳೂ ಬೇರೆಬೇರೆ, ಅವುಗಳಲ್ಲಿ ಪುರಾಣ ಮತ್ತು ತಂತ್ರದ ಅಂಶಗಳು ಬಹಳ. ಆದರೆ ಅಗ್ನಿಯನ್ನು ಅಣಿಗೊಳಿಸುವ, ತುಪ್ಪವನ್ನು ಸಂಸ್ಕರಿಸುವ ಕ್ರಮ ಬಹುಮಟ್ಟಿಗೆ ಗೃಹ್ಯಸೂತ್ರದ್ದೇ.

ಬೆಂಕಿಗೆ ಬೀಳುವ ಪದಾರ್ಥಗಳ ಪಟ್ಟಿ ಉದ್ದವಾಗಿದೆ: ಹಾಲು, ಮೊಸರು, ಸೋಮರಸ, ಎಳ್ಳು, ಸಮಿತ್ತು, ಹಿಂದೆ ಪಶುವಿನ ವಪೆ. ಅವುಗಳಲ್ಲಿ ಧಾನ್ಯ ಮತ್ತು ತುಪ್ಪದ ಜೋಡಿ ಎಲ್ಲ ಕಡೆಯೂ ಸಿಗುತ್ತದೆ. ಹಾಗೆಂದು ಇವೆರಡೂ ಒಂದೇ ಬಗೆಯ ಅರ್ಪಣೆಗಳಲ್ಲ. ಒಂದೊಂದಕ್ಕೂ ಬೇರೆ ಕೆಲಸವಿದೆ, ಬೇರೆ ಸ್ಥಾನವಿದೆ. ಅದು ಸ್ಪಷ್ಟವಾಗಿ ಕಾಣುವುದು ಸ್ಥಾಲೀಪಾಕವೆಂಬ ಸಣ್ಣ ಗೃಹ್ಯಕರ್ಮದಲ್ಲಿ. ಆಪಸ್ತಂಬ ಗೃಹ್ಯಸೂತ್ರ ಇದನ್ನು ಮದುವೆಯ ಅಂಗವಾಗಿ ವಿಧಿಸಿ, ಅಲ್ಲಿಂದ ಮುಂದೆ ದಂಪತಿಗಳು ಉಪವಾಸವಿದ್ದು ಪ್ರತಿ ಹುಣ್ಣಿಮೆ ಅಮಾವಾಸ್ಯೆಯ ಪರ್ವದಲ್ಲಿ ಮಾಡಬೇಕೆನ್ನುತ್ತದೆ. ಕರ್ನಾಟಕದ ಕೃಷ್ಣಯಜುರ್ವೇದಿ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಈ ಸೂತ್ರ, ಇಲ್ಲವೇ ಬೋಧಾಯನ ಸೂತ್ರ.

ಸ್ಥಾಲೀಪಾಕದ ಧಾನ್ಯವನ್ನು ಅಂಗಡಿಯ ಅಕ್ಕಿಯಿಂದ ಶುರುಮಾಡುವಂತಿಲ್ಲ. ಭತ್ತವನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಬೇಕು, ಕುಟ್ಟಬೇಕಾದವಳು ಹೆಂಡತಿ. ಸೂತ್ರ ಇದನ್ನು ಎರಡೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ಆಮೇಲೆ ಮೊರದಲ್ಲಿ ಕೇರಿ, ಹೊಟ್ಟು ತೆಗೆದು, ತೊಳೆದು, ಅದೇ ಅಗ್ನಿಯ ಮೇಲೆ ಪಾತ್ರೆಯಿಟ್ಟು ಬೇಯಿಸಬೇಕು. ಹೀಗೆ ಬೆಂದ ಅನ್ನಕ್ಕೆ ಚರು ಎಂದು ಹೆಸರು. ಇದರ ಗಂಜಿ ಬಸಿಯುವಂತಿಲ್ಲ. ಹಾಕಿದ ನೀರೆಲ್ಲ ಒಳಗೇ ಇಂಗಿ, ಒಳಗಿನ ಹಬೆಯಲ್ಲೇ ಅಗುಳು ಬೆಂದು ಬಿಡಿಬಿಡಿಯಾಗಿ ನಿಲ್ಲಬೇಕು. ಅಡುಗೆ ಬಲ್ಲವರಿಗೆ ಇದರ ಕಷ್ಟ ಗೊತ್ತು. ನೀರು ಒಂದಿಷ್ಟು ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ತಳ ಹತ್ತುತ್ತದೆ, ಬಸಿದು ಸರಿಮಾಡಿಕೊಳ್ಳುವ ದಾರಿಯೂ ಇಲ್ಲ. ಬೆಂದ ಚರುವಿನ ಮೇಲೆ ಒಮ್ಮೆ ತುಪ್ಪ ಬಿಟ್ಟು, ಒಲೆಯಿಂದ ಪೂರ್ವಕ್ಕೋ ಉತ್ತರಕ್ಕೋ ಇಳಿಸಿ, ಇಳಿಸಿದ ಮೇಲೆ ಮತ್ತೊಮ್ಮೆ ತುಪ್ಪ ಬಿಡುತ್ತಾರೆ. ಈಚಿನ ಮದುವೆಗಳಲ್ಲಿ ಕುಟ್ಟುವ ಶಾಸ್ತ್ರ ನಾಲ್ಕು ಕಾಳಿಗೆ ಒನಕೆ ಮುಟ್ಟಿಸುವುದಕ್ಕೆ ಇಳಿದಿದೆ, ಎಷ್ಟೋ ಕಡೆ ಅಡುಗೆ ಭಟ್ಟರ ಗ್ಯಾಸ್ ಒಲೆಯಿಂದಲೇ ಅನ್ನ ಬಂದುಬಿಡುತ್ತದೆ.

ತುಪ್ಪದ ತಯಾರಿ ಬೇರೆ ಥರ. ಅದನ್ನು ಬೇಯಿಸಬೇಕಾಗಿಲ್ಲ, ಆದರೂ ಅದಕ್ಕೆ ಆಗುವ ಸಂಸ್ಕಾರ ಚರುವಿಗಿಂತ ಹೆಚ್ಚು. ಕರಗಿಸಿದ ತುಪ್ಪವನ್ನು ಎರಡು ದರ್ಭೆಯ ಎಸಳುಗಳನ್ನು ಅಡ್ಡವಿಟ್ಟ ಆಜ್ಯಸ್ಥಾಲಿಗೆ ಸುರಿಯುತ್ತಾರೆ. ಕುಂಡದಿಂದ ಸ್ವಲ್ಪ ಕೆಂಡವನ್ನು ಉತ್ತರಕ್ಕೆ ಎಳೆದು, ಪಾತ್ರೆಯನ್ನು ಅದರ ಮೇಲಿಡುತ್ತಾರೆ. ಉರಿಯುವ ದರ್ಭೆಯನ್ನು ಮೇಲೆ ಹಿಡಿದು ತುಪ್ಪವನ್ನು ಬೆಳಗುತ್ತಾರೆ, ಎರಡು ದರ್ಭೆಯ ತುದಿಗಳನ್ನು ಮುರಿದು ಅದರಲ್ಲಿ ಹಾಕುತ್ತಾರೆ. ಆಮೇಲೆ ಉರಿಯುವ ಕೊಳ್ಳಿಯನ್ನು ಪಾತ್ರೆಯ ಸುತ್ತ ಮೂರು ಸಲ ಸುತ್ತಿಸುತ್ತಾರೆ. ಪಾತ್ರೆಯನ್ನು ಉತ್ತರಕ್ಕೆ ಇಳಿಸಿ, ಎಳೆದ ಕೆಂಡವನ್ನು ಮತ್ತೆ ಕುಂಡಕ್ಕೆ ಸೇರಿಸುತ್ತಾರೆ. ಕೊನೆಗೆ ಎರಡು ದರ್ಭೆಯ ಪವಿತ್ರಗಳನ್ನು ಎರಡೂ ಕೈಗಳಲ್ಲಿ ಹಿಡಿದು ತುಪ್ಪದ ಮೇಲ್ಮೈಯಲ್ಲಿ ಮೂರು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿ, ಆ ಪವಿತ್ರಗಳನ್ನು ಬೆಂಕಿಗೆ ಹಾಕುತ್ತಾರೆ. ಇಷ್ಟಾದ ಮೇಲೆ ಮನೆಯ ತುಪ್ಪ ‘ಆಜ್ಯ’ವಾಗುತ್ತದೆ. ಗಮನಿಸಬೇಕಾದದ್ದೆಂದರೆ ಈ ಹಂತಗಳಲ್ಲಿ ಹೆಚ್ಚಿನವು ತುಪ್ಪವನ್ನು ಬೆಂಕಿಗೆ ಪರಿಚಯಿಸುವ ಕೆಲಸಗಳು: ಕೆಳಗೆ ಕೆಂಡ, ಮೇಲೆ ಜ್ವಾಲೆ, ಸುತ್ತ ಕೊಳ್ಳಿ. ಅರ್ಪಣೆಯಾಗುವ ಮೊದಲೇ ತುಪ್ಪ ಮೂರು ಕಡೆಯಿಂದ ಅಗ್ನಿಯ ಸಂಗ ಪಡೆದಿರುತ್ತದೆ.

ಇತ್ತ ಅಗ್ನಿಯೂ ಸಜ್ಜಾಗಬೇಕು. ಸುತ್ತ ದರ್ಭೆ ಹಾಸಿ, ಪಶ್ಚಿಮ, ದಕ್ಷಿಣ, ಉತ್ತರಗಳಲ್ಲಿ ಪರಿಧಿಗಳೆಂಬ ಮೂರು ಸಮಿತ್ತುಗಳನ್ನು ಇಡುತ್ತಾರೆ. ಪೂರ್ವಕ್ಕೆ ಪರಿಧಿ ಇಲ್ಲ. ಆ ಕಡೆಯಿಂದ ಬರುವ ರಾಕ್ಷಸರನ್ನು ಉದಯಿಸುವ ಸೂರ್ಯನೇ ಹೊಡೆದಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಕಾರಣ ಕೊಡುತ್ತದೆ. ಮೊದಲು ಬೀಳುವುದು ತುಪ್ಪವೇ. ವಾಯವ್ಯದಿಂದ ಆಗ್ನೇಯಕ್ಕೆ ಒಂದು ಧಾರೆ, ನೈಋತ್ಯದಿಂದ ಈಶಾನ್ಯಕ್ಕೆ ಇನ್ನೊಂದು. ಇವು ಆಘಾರಗಳು, ಬೆಂಕಿಯ ಮೇಲೆ ಕತ್ತರಿಯಾಕಾರದ ಎರಡು ಗೆರೆಗಳು. ಅನಂತರ ಎರಡು ಆಜ್ಯಭಾಗಗಳು: ಈಶಾನ್ಯದ ಕಡೆ ಅಗ್ನಿಗೆ, ಆಗ್ನೇಯದ ಕಡೆ ಸೋಮನಿಗೆ. ಇವು ಯಜ್ಞದ ಎರಡು ಕಣ್ಣುಗಳೆಂದು ತೈತ್ತಿರೀಯ ಸಂಹಿತೆಯ ಮಾತು. ಮುಖ್ಯ ಆಹುತಿ ಈ ಎರಡು ಕಣ್ಣುಗಳ ನಡುವೆ ಬೀಳಬೇಕು, ಅಂದರೆ ಬಾಯಿಗೆ. ದೇವತೆಗಳ ಬಾಯಿ ಅಗ್ನಿಯೆಂಬ ವೇದದ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಇಲ್ಲಿ ಆ ಮುಖವನ್ನು ತುಪ್ಪದಿಂದಲೇ ಕುಂಡದ ಮೇಲೆ ಬರೆದು, ಆಮೇಲೆ ಅದಕ್ಕೆ ಉಣಿಸುತ್ತಾರೆ. ಮುಂಡಕೋಪನಿಷತ್ತು ಕೂಡ ಜ್ವಾಲೆ ಎದ್ದು ಲಾಸ್ಯವಾಡುವಾಗ, ಎರಡು ಆಜ್ಯಭಾಗಗಳ ನಡುವೆ ಆಹುತಿ ಹಾಕಬೇಕೆಂದು ಹೇಳಿ, ಕಾಳೀ, ಕರಾಳೀ, ಮನೋಜವಾ ಮುಂತಾದ ಅಗ್ನಿಯ ಏಳು ನಾಲಗೆಗಳ ಹೆಸರು ಕೊಡುತ್ತದೆ.

ಈಗ ಮುಖ್ಯ ಆಹುತಿ. ಹೆಂಡತಿ ಗಂಡನನ್ನು ಮುಟ್ಟಿಕೊಂಡಿರುತ್ತಾಳೆ. ದರ್ವಿಯೆಂಬ ಮರದ ಸಟ್ಟುಗದ ಗುಳಿಗೆ ಮೊದಲು ಸ್ರುವದಿಂದ ಒಮ್ಮೆ ತುಪ್ಪ ಬಿಡುತ್ತಾರೆ. ಇದು ಉಪಸ್ತರಣ, ಹಾಸು. ಅದರ ಮೇಲೆ ಚರುವಿನ ನಡುವಿನಿಂದ ಹೆಬ್ಬೆರಳಿನ ಗೆಣ್ಣಿನಷ್ಟು ಒಂದು ಭಾಗ, ಮುಂಭಾಗದಿಂದ ಅಷ್ಟೇ ಇನ್ನೊಂದು ಭಾಗ ತೆಗೆದಿಡುತ್ತಾರೆ. ಮೇಲೆ ಮತ್ತೊಮ್ಮೆ ತುಪ್ಪ ಬಿಡುತ್ತಾರೆ. ಇದು ಅಭಿಘಾರಣ, ಹೊದಿಕೆ. ತುಪ್ಪ, ಅನ್ನ, ಅನ್ನ, ತುಪ್ಪ: ಹೀಗೆ ನಾಲ್ಕು ಪದರಗಳ ಈ ಕಟ್ಟಿಗೆ ಚತುರವತ್ತ ಎಂದು ಹೆಸರು. ಜಮದಗ್ನಿಯ ಪೀಳಿಗೆಯ ಗೋತ್ರದವರಿಗೆ ಅನ್ನ ಮೂರು ಸಲ, ಒಟ್ಟು ಐದು ಪದರ, ಅವರು ಪಂಚಾವತ್ತಿಗಳು. ಆಮೇಲೆ ಪಾತ್ರೆಯಲ್ಲಿ ಅನ್ನ ತೆಗೆದ ಜಾಗಕ್ಕೂ ತುಪ್ಪ ಸವರುತ್ತಾರೆ. ಕಡಿದ ಗಾಯ ತುಂಬಿ, ಉಳಿದ ಹವಿಸ್ಸು ಹಳಸದೆ ಮುಂದಿನ ಆಹುತಿಗೆ ಒದಗಲಿ ಎಂಬುದು ಇದಕ್ಕೆ ಹೇಳುವ ಕಾರಣ. ಇಷ್ಟಾಗಿ ಸ್ವಾಹಾಕಾರದೊಡನೆ ದರ್ವಿ ಅಗ್ನಿಯ ಮೇಲೆ ಬಾಗುತ್ತದೆ.

ಈ ಪದರಗಳ ಲೆಕ್ಕದಲ್ಲಿ ಕೈಕೆಲಸದ ಜಾಣತನವೂ ಇದೆ. ಕೆಳಗಿನ ತುಪ್ಪದಿಂದಾಗಿ ಅನ್ನ ಸಟ್ಟುಗಕ್ಕೆ ಅಂಟದೆ ಒಮ್ಮೆಗೇ ಜಾರಿ ಬೀಳುತ್ತದೆ. ಮೇಲಿನ ತುಪ್ಪದಿಂದಾಗಿ, ನೀರುಂಡ ಅಗುಳು ತಾನಾಗಿ ಹೊತ್ತಿಕೊಳ್ಳುವ ಮೊದಲೇ ಅದರ ಸುತ್ತ ಜ್ವಾಲೆ ಏಳುತ್ತದೆ. ಆದರೆ ಅಷ್ಟಕ್ಕೇ ಆಗಿದ್ದರೆ ಅನ್ನವನ್ನು ತುಪ್ಪದಲ್ಲಿ ಕಲಸಿ ಹಾಕಬಹುದಿತ್ತು. ಕಲಸದೆ ಪದರ ಪದರವಾಗಿ ಇಡುವುದರಿಂದ ಎರಡು ದ್ರವ್ಯಗಳ ಪಾತ್ರ ಬೇರೆಯಾಗಿ ಉಳಿಯುತ್ತದೆ. ಅನ್ನ ದೇವತೆಯ ಪಾಲು, ತುಪ್ಪ ಅದನ್ನು ಎರಡೂ ಕಡೆಯಿಂದ ಅಪ್ಪಿ ಒಯ್ಯುವಂಥದ್ದು. ಹೋಮದ ಸಂಕೇತಾರ್ಥವೆಂದು ಪ್ರವಚನಗಳಲ್ಲಿ ಕೇಳಿಬರುವ ‘ತುಪ್ಪವೆಂದರೆ ಅಹಂಕಾರ, ಅದನ್ನು ಸುಡುವುದು ಹೋಮ’ ಎಂಬ ಬಗೆಯ ವಿವರಣೆಗಳು ಈ ಪದರಗಳ ಎದುರು ನಿಲ್ಲುವುದಿಲ್ಲ. ಕರ್ಮದಲ್ಲಿ ತುಪ್ಪ ಸುಟ್ಟು ಕಳೆಯಬೇಕಾದ ಕೊಳೆಯಲ್ಲ, ಅಗ್ನಿಗೆ ಅತಿ ಪ್ರಿಯವಾದ ಆಹಾರ.

ಮುಖ್ಯ ಆಹುತಿಯ ಬಳಿಕ ಸ್ವಿಷ್ಟಕೃತ್ ಎಂಬ ಇನ್ನೊಂದು ಆಹುತಿಯಿದೆ. ಅಲ್ಲಿ ಲೆಕ್ಕ ತಿರುಗುಮುರುಗು: ಕೆಳಗೆ ತುಪ್ಪ ಒಮ್ಮೆ, ಚರುವಿನ ಉತ್ತರ ಭಾಗದಿಂದ ಅನ್ನ ಒಂದೇ ಸಲ, ಮೇಲೆ ತುಪ್ಪ ಎರಡು ಸಲ. ಅದನ್ನು ಅಗ್ನಿಯ ಈಶಾನ್ಯದಲ್ಲಿ, ಬೇರೆ ಆಹುತಿಗಳಿಗೆ ತಾಗದಂತೆ ಹಾಕಬೇಕು. ಪಾತ್ರೆಯಲ್ಲಿ ಉಳಿದ ಅನ್ನಕ್ಕೆ ಈ ಸಲ ತುಪ್ಪ ಸವರುವುದಿಲ್ಲ, ಅದರಿಂದ ಇನ್ನು ದೇವತೆಗೆ ಆಹುತಿ ಇಲ್ಲವಲ್ಲ. ಶತಪಥ ಬ್ರಾಹ್ಮಣ ಇದಕ್ಕೊಂದು ಕಥೆ ಹೇಳುತ್ತದೆ. ದೇವತೆಗಳೆಲ್ಲ ಯಜ್ಞದ ಬಲದಿಂದ ಸ್ವರ್ಗಕ್ಕೆ ಹೋದರು, ಪಶುಗಳ ಒಡೆಯನಾದ ರುದ್ರ ಮಾತ್ರ ಇಲ್ಲೇ ಉಳಿದ. ತನ್ನನ್ನು ಬಿಟ್ಟುಹೋದರೆಂದು ಸಿಟ್ಟಾಗಿ ಉತ್ತರ ದಿಕ್ಕಿನಲ್ಲಿ ಆಯುಧವೆತ್ತಿ ನಿಂತ. ಹೊಡೆಯಬೇಡವೆಂದು ಬೇಡಿಕೊಂಡ ದೇವತೆಗಳು ಅವನಿಗೊಂದು ಆಹುತಿ ಕೊಟ್ಟರು. ಉಳಿದದ್ದಕ್ಕೆ ಅವನು ಒಡೆಯನಾದ. ಈ ಆಹುತಿ ಉತ್ತರಕ್ಕೆ ಸೇರಿರುವುದೂ, ಬೇರೆಯವುಗಳಿಗೆ ತಾಗಬಾರದೆಂಬ ಕಟ್ಟುನಿಟ್ಟೂ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತವೆ. ಉಳಿದ ಚರುವಿಗೆ ಧಾರಾಳವಾಗಿ ತುಪ್ಪ ಸುರಿದು ಒಬ್ಬ ಬ್ರಾಹ್ಮಣನಿಗೆ ಊಟಕ್ಕಿಡಬೇಕೆಂದು ಆಪಸ್ತಂಬರ ವಿಧಿ. ದೇವರ ಪಾಲು ಎರಡು ಗೆಣ್ಣಿನಷ್ಟು, ಮಿಕ್ಕಿದ್ದು ಮನುಷ್ಯನ ಹೊಟ್ಟೆಗೆ. ಅನ್ನವನ್ನು ಬೆಂಕಿಗೆ ಹಾಕಿ ಹಾಳುಮಾಡುತ್ತಾರೆಂಬ ಆಕ್ಷೇಪಕ್ಕೆ ಸ್ಥಾಲೀಪಾಕದ ಅಳತೆಯೇ ಉತ್ತರ. ಮಣಗಟ್ಟಲೆ ಸುರಿಯುವ ಈಗಿನ ಮಹಾಯಾಗಗಳಿಗೆ ಈ ಉತ್ತರ ಸಲ್ಲುವುದಿಲ್ಲ.

ಇದೇ ಕಟ್ಟು ಮದುವೆಯ ಲಾಜಾಹೋಮದಲ್ಲಿ ಇನ್ನಷ್ಟು ಸೊಗಸಾಗಿ ಕಾಣುತ್ತದೆ. ಅಲ್ಲಿ ಧಾನ್ಯ ಅರಳು, ಅಂದರೆ ಭತ್ತವನ್ನು ಹುರಿದು ಅರಳಿಸಿದ್ದು. ಸಟ್ಟುಗವಾಗಿ ಒದಗುವುದು ವಧುವಿನ ಬೊಗಸೆ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಮೊದಲು ಅವಳ ಬೊಗಸೆಗೆ ತುಪ್ಪದ ಹಾಸು. ಅವಳ ಅಣ್ಣನೋ ತಮ್ಮನೋ, ಇಲ್ಲವೇ ಆ ಸ್ಥಾನದಲ್ಲಿ ನಿಲ್ಲುವವನೋ ಎರಡು ಸಲ ಅರಳು ಹಾಕುತ್ತಾನೆ, ಜಮದಗ್ನಿ ಗೋತ್ರದವರಿಗೆ ಮೂರು ಸಲ. ಮೇಲೆ ಮತ್ತೆ ತುಪ್ಪ. ಅದನ್ನು ಅವಳು ಬೊಗಸೆಯನ್ನು ಬಿಡಿಸದೆ ಬೆಂಕಿಗೆ ಜಾರಿಸುತ್ತಾಳೆ. ತವರಿನ ಕೈಯಿಂದ ಬಂದ ಧಾನ್ಯ ಗಂಡನ ಮನೆಯ ಅಗ್ನಿಗೆ ಬೀಳುವ ಈ ಗಳಿಗೆಯಲ್ಲಿ ನೋಡುವವರ ಕಣ್ಣೆಲ್ಲ ವಧುವಿನ ಮುಖದ ಮೇಲಿರುತ್ತದೆ, ಛಾಯಾಗ್ರಾಹಕನದಂತೂ ಸರಿಯೇ. ಅವಳ ಬೊಗಸೆಯಲ್ಲಿರುವುದು ಅದೇ ಚತುರವತ್ತ. ಕರ್ನಾಟಕದ ಮದುವೆ ಮನೆಗಳಲ್ಲಿ ಬಾವಮೈದುನ ಅರಳು ಹಾಕುವ ಶಾಸ್ತ್ರಕ್ಕೆ ಅವನಿಗೆ ಉಡುಗೊರೆ ಸಲ್ಲಬೇಕೆಂಬ ಲೋಕರೂಢಿ ಉಳಿದಿದೆ. ತುಪ್ಪದ ಎರಡು ಪದರಗಳಲ್ಲಿ ಒಂದನ್ನು ಮರೆಯುವುದು ಮಾತ್ರ ಸಾಮಾನ್ಯ.

ಸಂಕೇತಗಳ ವಿಷಯಕ್ಕೆ ಬಂದರೆ, ಬ್ರಾಹ್ಮಣಗ್ರಂಥಗಳು ಧಾನ್ಯಕ್ಕಾಗಲಿ ತುಪ್ಪಕ್ಕಾಗಲಿ ಒಂದೇ ಅರ್ಥವನ್ನು ಕಟ್ಟಿಲ್ಲ. ಸಂದರ್ಭ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಅವುಗಳಲ್ಲಿ ಬಹಳ ನೇರವಾದದ್ದು ಐತರೇಯ ಬ್ರಾಹ್ಮಣದ ಆರಂಭದಲ್ಲೇ ಇದೆ. ಬದುಕಿನಲ್ಲಿ ತನಗೆ ನೆಲೆಯಿಲ್ಲ ಎನಿಸಿದವನು ತುಪ್ಪದಲ್ಲಿ ಬೇಯಿಸಿದ ಚರುವನ್ನು ಅರ್ಪಿಸಬೇಕು. ತುಪ್ಪ ಹೆಣ್ಣಿನ ಸಾರ, ಅಕ್ಕಿಕಾಳು ಗಂಡಿನದು, ಇವೆರಡೂ ಸೇರಿ ಮಿಥುನ; ಆದ್ದರಿಂದ ಅವನಿಗೆ ಸಂತಾನವೂ ಪಶುಗಳೂ ಹೆಚ್ಚುತ್ತವೆ ಎಂದು ಅದರ ತಾತ್ಪರ್ಯ. ವಿಜಯನಗರದ ಆಶ್ರಯದಲ್ಲಿ 14ನೆಯ ಶತಮಾನದಲ್ಲಿ ಸಾಯಣರು ಭಾಷ್ಯ ಬರೆದ ಗ್ರಂಥಗಳಲ್ಲಿ ಐತರೇಯವೂ ಒಂದು, ತೈತ್ತಿರೀಯ ಸಂಹಿತೆಯೂ ಒಂದು. ವೇದಕರ್ಮಗಳ ಅರ್ಥವನ್ನು ಇಂದು ನಾವು ಓದಿಕೊಳ್ಳುವುದು ಬಹುಪಾಲು ಈ ಭಾಷ್ಯಗಳ ದಾರಿಯಲ್ಲೇ.

ಅದೇ ಐತರೇಯದಲ್ಲಿ ಧಾನ್ಯದ ಇನ್ನೊಂದು ಕಥೆಯಿದೆ. ಯಜ್ಞಕ್ಕೆ ಬೇಕಾದ ಸಾರ, ಅಂದರೆ ಮೇಧ, ಮೊದಲು ಮನುಷ್ಯನಲ್ಲಿತ್ತು. ದೇವತೆಗಳು ಅವನನ್ನು ಹಿಡಿದಾಗ ಅದು ಕುದುರೆಗೆ ಹಾರಿತು, ಅಲ್ಲಿಂದ ಎತ್ತಿಗೆ, ಕುರಿಗೆ, ಆಡಿಗೆ, ಕೊನೆಗೆ ಭೂಮಿಯೊಳಗೆ ಇಳಿದು ಭತ್ತವಾಯಿತು. ಹಾಗಾಗಿ ಅಕ್ಕಿಹಿಟ್ಟಿನ ಪುರೋಡಾಶವನ್ನು ಅರ್ಪಿಸಿದವನು ಪಶುವನ್ನೇ ಅರ್ಪಿಸಿದಂತೆ. ಭತ್ತದ ಮುಳ್ಳು ರೋಮ, ಹೊಟ್ಟು ಚರ್ಮ, ತೌಡು ರಕ್ತ, ಹಿಟ್ಟು ಮಾಂಸ ಎಂದು ಒಂದೊಂದನ್ನೇ ಹೊಂದಿಸಿ ತೋರಿಸುತ್ತದೆ. ದರ್ಶಪೂರ್ಣಮಾಸ ಇಷ್ಟಿಯಲ್ಲಿ ಭತ್ತವನ್ನು ಕೃಷ್ಣಾಜಿನದ ಮೇಲಿಟ್ಟ ಒರಳಿನಲ್ಲಿ ಕುಟ್ಟಿ, ಬೀಸಿ, ಬಿಸಿನೀರಿನಲ್ಲಿ ಕಲಸಿ, ಕಪಾಲಗಳೆಂಬ ಮಣ್ಣಿನ ಬಿಲ್ಲೆಗಳ ಮೇಲೆ ಸುಡುತ್ತಾರೆ. ಅಗ್ನಿಯ ರೊಟ್ಟಿಗೆ 8 ಕಪಾಲ. ಒಬ್ಬೊಬ್ಬ ದೇವತೆಗೆ ನಾಲ್ಕು ಮುಷ್ಟಿ ಭತ್ತ, ಮೂರು ಮಂತ್ರದಿಂದ, ನಾಲ್ಕನೆಯದು ಮೌನವಾಗಿ. ಕುಟ್ಟಿ ತೆಗೆದ ಹೊಟ್ಟಿಗೂ ಒಬ್ಬ ಹಕ್ಕುದಾರನಿದ್ದಾನೆ, ಅದು ರಾಕ್ಷಸರ ಪಾಲು. ಪಶುವಿನ ರಕ್ತ ಯಾರಿಗೆ ಸಲ್ಲುತ್ತದೆಯೋ ಧಾನ್ಯದ ಹೊಟ್ಟು ಅವರಿಗೆ.

ಈ ಬದಲಿಯ ತರ್ಕಕ್ಕೆ ಕರ್ನಾಟಕದಲ್ಲಿ ಎರಡು ಎದುರುಬದುರಾದ ಉತ್ತರಗಳು ಸಿಕ್ಕಿವೆ. ಪಶುವಿನ ಬದಲು ಹಿಟ್ಟಿನಲ್ಲಿ ಮಾಡಿದ ಪಿಷ್ಟಪಶುವೇ ಯಜ್ಞಕ್ಕೆ ಸರಿಯೆಂಬುದು ಮಧ್ವಾಚಾರ್ಯರ ಪರಂಪರೆಯ ನಿಲುವು. ಅದನ್ನು ಒಪ್ಪದ ಸ್ಮಾರ್ತರೊಡನೆ ಈ ಬಗ್ಗೆ ದೀರ್ಘ ವಾದವೇ ನಡೆದಿದೆ. ಮಧ್ವರಿಗೂ ಮೊದಲು, 1209ರಲ್ಲಿ ಜನ್ನ ‘ಯಶೋಧರ ಚರಿತೆ’ಯನ್ನು ಮುಗಿಸಿದ್ದ. ಅದರಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಚಂಡಮಾರಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಅದಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಸಂಕೇತಕ್ಕೆ ಬಲವಿದೆ ಎಂಬುದನ್ನು ವೈದಿಕನೂ ಜೈನನೂ ಒಪ್ಪುತ್ತಾರೆ. ಅದರ ಫಲ ಯಾವ ಕಡೆಗೆ ಎಂಬಲ್ಲಿ ಮಾತ್ರ ಜಗಳ. 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಂಬೂದಿರಿಗಳು ಅಗ್ನಿಚಯನ ನಡೆಸಿದಾಗಲೂ ಆಡುಗಳ ಬದಲು ಬಾಳೆಯೆಲೆಯಲ್ಲಿ ಸುತ್ತಿದ ಅಕ್ಕಿಹಿಟ್ಟನ್ನು ಬಳಸಿದರು. ಅದನ್ನು ಚಿತ್ರೀಕರಿಸಿದ ವಿದ್ವಾಂಸ ಫ್ರಿಟ್ಸ್ ಸ್ಟಾಲ್ ಬಳಿಕ 1979ರಲ್ಲಿ, ಕರ್ಮಕ್ಕೆ ನಿಯಮಗಳಿವೆಯೇ ಹೊರತು ಅರ್ಥವಿಲ್ಲ ಎಂದು ವಾದಿಸಿದ. ನಿಯಮದ ಗಟ್ಟಿತನವನ್ನು ಅವನು ಸರಿಯಾಗಿಯೇ ಗುರುತಿಸಿದ. ಆದರೆ ಆಡಿನ ಜಾಗಕ್ಕೆ ಅಕ್ಕಿಯೇ ಬಂತು, ಕಲ್ಲೋ ಹೂವೋ ಬರಲಿಲ್ಲ. ಆ ಆಯ್ಕೆಯ ಹಿಂದೆ ಮೇಧದ ಕಥೆಯ ನೆನಪು ಇದ್ದೇ ಇದೆ ಎನ್ನಬೇಕಾಗುತ್ತದೆ.

ಬದಲಿಯ ವಿಷಯದಲ್ಲಿ ತುಪ್ಪಕ್ಕಿರುವ ಸ್ಥಾನ ಧಾನ್ಯಕ್ಕಿಲ್ಲ. ಹವಿಸ್ಸೆಲ್ಲ ಕೆಟ್ಟುಹೋದರೆ ಅಥವಾ ಕಳವಾದರೆ ಆಯಾ ದೇವತೆಗೆ ಆಜ್ಯವನ್ನೇ ಪಾಲುಮಾಡಿ ಇಷ್ಟಿಯನ್ನು ಮುಗಿಸಿ, ಆಮೇಲೆ ಹೊಸದಾಗಿ ಇನ್ನೊಂದು ಇಷ್ಟಿ ಮಾಡಬೇಕೆಂದು ಐತರೇಯ ಹೇಳುತ್ತದೆ. ಕರ್ಮದ ನಡುವೆ ಏನೇ ತಪ್ಪಿದರೂ ಪ್ರಾಯಶ್ಚಿತ್ತದ ಆಹುತಿ ತುಪ್ಪದ್ದೇ. ಕೊನೆಯ ಪೂರ್ಣಾಹುತಿಗೂ ತುಂಬಿದ ಸ್ರುಕ್ಕಿನ ತುಪ್ಪ ಬೇಕು. ಹಾಗೆಂದು ತುಪ್ಪವೇ ಮೇಲು ಎನ್ನುವಂತಿಲ್ಲ. ಗೃಹಸ್ಥನ ದಿನದಿನದ ಔಪಾಸನಕ್ಕೆ ತುಪ್ಪ ಕಡ್ಡಾಯವಲ್ಲ: ಸಂಜೆ ಅಗ್ನಿಗೆ, ಬೆಳಿಗ್ಗೆ ಸೂರ್ಯನಿಗೆ, ಕೈಯಿಂದಲೇ ಒಂದಿಷ್ಟು ಅಕ್ಕಿ ಅಥವಾ ಜವೆ ಹಾಕಿದರೆ ಸಾಕು. ಬಡವನ ಅಗ್ನಿಯೂ ಆರದಿರಲೆಂದು ಮಾಡಿದ ವ್ಯವಸ್ಥೆಯಂತೆ ಇದು ತೋರುತ್ತದೆ.

ಹೋಮಸಾಮಗ್ರಿಯ ಈ ಜೋಡಿ ಕರ್ನಾಟಕದ ಹಳೆಯ ಶಾಸನವೊಂದರಲ್ಲಿ ಅಚ್ಚರಿಯ ಜಾಗದಲ್ಲಿ ಬರುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ ಕದಂಬ ಮಯೂರಶರ್ಮನ ಕಥೆ ಹೇಳುತ್ತದೆ. ವೇದ ಕಲಿಯಲು ಕಂಚಿಗೆ ಹೋದ ಅವನು ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನಿಂದಾದ ಜಗಳದಲ್ಲಿ ಅವಮಾನಪಟ್ಟು, ದರ್ಭೆ, ಸಮಿತ್ತು, ಸ್ರುಕ್ಕು, ಆಜ್ಯ, ಚರುಗಳನ್ನು ಹಿಡಿದು ಪಳಗಿದ ಅದೇ ಕೈಯಿಂದ ಕತ್ತಿ ಹಿರಿದನಂತೆ. ರಾಜವಂಶದ ಮೂಲವನ್ನು ಹೇಳುವಾಗ ಕವಿಗೆ ನೆನಪಾದದ್ದು ಹೋಮದ ಉಪಕರಣಗಳ ಈ ಪಟ್ಟಿ.

ಹೋಮಕ್ಕೆ ಒಳಗಿನಿಂದಲೂ ಹೊರಗಿನಿಂದಲೂ ಟೀಕೆ ಬಂದಿದೆ. ಮುಂಡಕೋಪನಿಷತ್ತು ಅಗ್ನಿಯ ನಾಲಗೆಗಳನ್ನು ಎಣಿಸಿದ ಬೆನ್ನಲ್ಲೇ ಯಜ್ಞಗಳನ್ನು ನಂಬಲಾಗದ ದೋಣಿಗಳೆನ್ನುತ್ತದೆ. ಛಾಂದೋಗ್ಯ ಅದನ್ನು ಬೈಯದೆ ಒಳಕ್ಕೆ ತಿರುಗಿಸುತ್ತದೆ: ಉಣ್ಣುವಾಗ ಮೊದಲ ತುತ್ತುಗಳನ್ನು ಐದು ಪ್ರಾಣಗಳಿಗೆ ಆಹುತಿಯಾಗಿ ಹಾಕಿದರೆ ಅದೇ ಅಗ್ನಿಹೋತ್ರ. ಎಲೆಯ ಮುಂದೆ ಕೂತು ‘ಪ್ರಾಣಾಯ ಸ್ವಾಹಾ’ ಎನ್ನುವ ಮನೆಗಳಲ್ಲಿ ಈ ಪ್ರಾಣಾಹುತಿಯ ರೂಢಿ ಇನ್ನೂ ಇದೆ. ತುಪ್ಪ ಬಡಿಸದೆ ಅದನ್ನು ಮಾಡಬಾರದೆಂಬ ಅಜ್ಜಿಯರ ಕಟ್ಟುಪಾಡೂ ಇದೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಬೆಂಕಿಯನ್ನು ದೇವರೆಂದು ಉಣಿಸುವವರು, ಅದೇ ಬೆಂಕಿ ಮನೆಗೆ ಹತ್ತಿದಾಗ ಬಚ್ಚಲ ನೀರನ್ನೂ ಬೀದಿಯ ಧೂಳನ್ನೂ ಎರಚುತ್ತಾರಲ್ಲ ಎಂದು ವಚನದಲ್ಲಿ ಕುಟುಕಿದರು.

ಇಂದಿನ ಕರ್ನಾಟಕದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಹೋಮವೆಂದರೆ ಥಟ್ಟನೆ ನೆನಪಾಗುವುದು ಗಣಹೋಮ. ಅದರ ಅಷ್ಟದ್ರವ್ಯದಲ್ಲಿ ಅವಲಕ್ಕಿ, ಅರಳು, ಹುರಿಹಿಟ್ಟು ಮೂರೂ ಧಾನ್ಯದ ರೂಪಗಳು. ಜೊತೆಗೆ ಎಳ್ಳು, ಕಬ್ಬು, ಬಾಳೆಹಣ್ಣು, ತೆಂಗಿನಕಾಯಿ, ಮೋದಕ. 12 ಕಾಯಿ ಗಣಹೋಮ, 108 ಕಾಯಿ ಗಣಹೋಮ ಎಂದು ತೆಂಗಿನಕಾಯಿಯ ಲೆಕ್ಕದಲ್ಲೇ ಅದರ ಗಾತ್ರವನ್ನು ಹೇಳುತ್ತಾರೆ. ಇಲ್ಲಿ ದ್ರವ್ಯಗಳನ್ನು ಬೆಲ್ಲ ತುಪ್ಪದೊಡನೆ ಕಲಸಿಯೇ ಹಾಕುವುದರಿಂದ ಚತುರವತ್ತದ ಪದರಗಳು ಮಾಯವಾಗುತ್ತವೆ, ತುಪ್ಪ ಒಂದು ಮಸಾಲೆಯಾಗಿಬಿಡುತ್ತದೆ. ಉಳಿದ ಕಲಸು ಪ್ರಸಾದವಾಗಿ ದೊನ್ನೆಗೆ ಬರುತ್ತದೆ. ಮಕ್ಕಳು ಹೋಮಕ್ಕೆ ಬಂದು ಕೂರುವುದು ಅದಕ್ಕಾಗಿ.

ದೂರದಲ್ಲಿ ಈ ಕ್ರಿಯೆ ಇನ್ನೂ ವಿಚಿತ್ರ ರೀತಿಯಲ್ಲಿ ಉಳಿದಿದೆ. ಬೌದ್ಧ ತಾಂತ್ರಿಕರ ಮೂಲಕ ಚೀನಾಕ್ಕೆ ಹೋದ ಹೋಮ, 9ನೆಯ ಶತಮಾನದ ಆರಂಭದಲ್ಲಿ ಕೂಕೈ ಎಂಬ ಭಿಕ್ಷುವಿನೊಡನೆ ಜಪಾನನ್ನು ಮುಟ್ಟಿತು. ಶಿಂಗೊನ್ ಪಂಥದ ದೇವಾಲಯಗಳಲ್ಲಿ ಅದು ‘ಗೊಮ’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತದೆ. ಅಲ್ಲಿಯೂ ಅನ್ನ, ಐದು ಧಾನ್ಯಗಳು, ಸಣ್ಣ ಸಟ್ಟುಗದಿಂದ ಬಿಡುವ ಎಣ್ಣೆ ಬೆಂಕಿಗೆ ಬೀಳುತ್ತವೆ. ತುಪ್ಪದ ಜಾಗಕ್ಕೆ ಎಣ್ಣೆ ಬಂದರೂ ಕ್ರಮದಲ್ಲಿ ಅದರ ಸ್ಥಾನ ಹಾಗೇ ಉಳಿದಿದೆ.

ಕುಂಡದ ಮುಂದೆ ಕೂತವರಿಗೆ ನಿಜವಾದ ತೊಂದರೆ ಹೊಗೆಯದು. ಹಸಿ ಸಮಿತ್ತು, ತೇವವಿರುವ ಬೆರಣಿ, ಮಜ್ಜಿಗೆಯಂಶ ಉಳಿದ ತುಪ್ಪ, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಸಲಕ್ಕೆ ಸುರಿದ ಚರು ಇದಕ್ಕೆ ಕಾರಣ. ತುಪ್ಪ ದ್ರವವಾಗಿದ್ದಾಗ ಉರಿಯುವುದಿಲ್ಲ, ಕಾದು ಆವಿಯಾದದ್ದು ಹೊತ್ತಿಕೊಳ್ಳುತ್ತದೆ. ಕೆಂಡ ಸಾಕಷ್ಟು ಕಾದಿರದಿದ್ದರೆ ಸುರಿದ ತುಪ್ಪ ನೀಲಿ ಬಿಳಿ ಹೊಗೆಯಾಗಿ ಕಣ್ಣಿಗೆ ಬರುತ್ತದೆ. ಅನ್ನದ ರಾಶಿ ಬಿದ್ದರೆ ಅದರ ನೀರು ಬೆಂಕಿಯ ಕಾವನ್ನು ಹೀರಿ, ಕೆಂಡ ಮಂಕಾಗಿ ಸುಂಯ್ ಎನ್ನುತ್ತದೆ. ಅನುಭವಿ ಪುರೋಹಿತರು ಆ ಸದ್ದು ಕೇಳುತ್ತಲೇ ಚರುವನ್ನು ನಿಲ್ಲಿಸಿ, ಒಣ ಸಮಿತ್ತು ಇಟ್ಟು, ತೆಳುವಾಗಿ ತುಪ್ಪ ಬಿಟ್ಟು, ಜ್ವಾಲೆ ಎದ್ದ ಮೇಲೆ ಮುಂದುವರಿಯುತ್ತಾರೆ. ಬಾಯಿಂದ ನೇರವಾಗಿ ಊದಬಾರದೆಂದು ಮನುಸ್ಮೃತಿಯ ನಿಷೇಧವಿರುವುದರಿಂದ ಊದುಗೊಳವೆಯನ್ನೋ ಬೀಸಣಿಗೆಯನ್ನೋ ಬಳಸುತ್ತಾರೆ. ಹೋಮದ ಹೊಗೆ ಗಾಳಿಯನ್ನು ಶುದ್ಧಮಾಡುತ್ತದೆ, ತುಪ್ಪ ಉರಿದರೆ ಆಮ್ಲಜನಕ ಹುಟ್ಟುತ್ತದೆ ಎಂಬ ಈಚಿನ ಪ್ರಚಾರಕ್ಕೆ ರಸಾಯನಶಾಸ್ತ್ರದ ಬೆಂಬಲವಿಲ್ಲ: ಉರಿಯುವ ಯಾವುದೇ ವಸ್ತು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಬಿಡುವುದಿಲ್ಲ. ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ಇಟ್ಟಿಗೆ ಜೋಡಿಸಿ ಹೋಮ ಮಾಡುವವರು ಮೊದಲು ಕಿಟಕಿ ತೆರೆಯಬೇಕು. ಮರಳಿನ ಹಾಸು ತೆಳುವಾದರೆ ಕೆಳಗಿನ ಟೈಲ್ಸ್ ಸೀಳುವುದರಿಂದ ನಾಲ್ಕಾರು ಬೆರಳು ಎತ್ತರಕ್ಕೆ ಮರಳು ಸುರಿದುಕೊಳ್ಳುವುದೂ ವಾಡಿಕೆ.